ಮತ್ತಿತರರು ಉಪಸ್ಥಿತರಿದ್ದರು

ಹದಿನಾರು ವರ್ಷ ನಾನು ಜನರ ಹೆಸರು ಕತ್ತರಿಸಿ ಹೊಟ್ಟೆ ಹೊರೆದವಳು. ಗಾಬರಿಯಾಗಬೇಡಿ, ಉಪಸಂಪಾದಕಿ ಅಂತ ಅದಕ್ಕೊಂದು ಮರ್ಯಾದೆಯ ಹೆಸರಿದೆ. 'ಬೆಳಗಿನ ಕೂಗು' ಪತ್ರಿಕೆಯ ಹುಬ್ಬಳ್ಳಿ ಡೆಸ್ಕಿನಲ್ಲಿ ಕೂತು, ಹಾವೇರಿ ಜಿಲ್ಲೆಯಿಂದ ಬರುವ ಸುದ್ದಿ ತಿದ್ದಿ, ತಲೆಬರಹ ಕೊಟ್ಟು, ಪುಟಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ಹಾನಗಲ್ಲಿನಿಂದ ಬರಲಿ, ಶಿಗ್ಗಾವಿಯಿಂದ ಬರಲಿ, ಸವಣೂರು, ಹಿರೇಕೆರೂರಿನಿಂದಲೇ ಬರಲಿ, ಕಾರ್ಯಕ್ರಮದ ವರದಿ ಅಂದಮೇಲೆ ಅದಕ್ಕೊಂದು ಬಾಲ ಇದ್ದೇ ಇರುತ್ತಿತ್ತು. ಇಂಥವರು, ಅಂಥವರು, ಅವರ ತಮ್ಮ, ಇವರ ಬೀಗರು, ಎಲ್ಲ ಸೇರಿ ನಲವತ್ತು ಹೆಸರು ಬರೆದು ಕೊನೆಗೆ 'ಉಪಸ್ಥಿತರಿದ್ದರು' ಅಂತ ಮುಗಿಸುತ್ತಿದ್ದರು. ನಾನು ಮೊದಲ ಮೂರು ಹೆಸರು ಉಳಿಸಿ, ಮಿಕ್ಕವರನ್ನೆಲ್ಲ ಅಳಿಸಿ, ಆ ಜಾಗದಲ್ಲಿ 'ಮತ್ತಿತರರು' ಅಂತ ಒಂದು ಪದ ಕೂರಿಸುತ್ತಿದ್ದೆ. ಅದರಲ್ಲಿ ನನಗೊಂದು ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎಲ್ಲರಿಗಿಂತ ಉದ್ದದ ಬಾಲ ಹಾನಗಲ್ಲಿನ ನಾಗಪ್ಪನದು. ಇಪ್ಪತ್ನಾಲ್ಕು ವರ್ಷದಿಂದ ನಮ್ಮ ಪತ್ರಿಕೆಯ ಅರೆಕಾಲಿಕ ವರದಿಗಾರ. ಮುಂಜಾನೆ ಏಳಕ್ಕೆಲ್ಲ ಅವನ ಫೋನು.

"ಮೇಡಮ್ಮಾರ, ದಿಲಾವರಣ್ಣನ ಹೆಸರು ಯಾಕ ತಗದ್ರಿ? ಅಂವ ಪೇಪರ್ ಹಿಡ್ಕೊಂಡು ನಮ್ಮನಿ ಕಟ್ಟಿಮ್ಯಾಲ ಕುಂತಾನ. ಚಾ ಕುಡಿಯಂದ್ರ ಕುಡೀವಲ್ಲ."

"ಜಾಗ ಇರ್ಲಿಲ್ಲರೀ ನಾಗಪ್ಪನವರ."

"ಹೆಸರ ಸುದ್ದಿರೀ ಮೇಡಮ್ಮಾರ. ಉಳಿದಿದ್ದು ಬರೇ ಭಾಷಣ."

ನಾನು ಫೋನಿಟ್ಟು ನಕ್ಕುಬಿಡುತ್ತಿದ್ದೆ. ಯಲವಿಗಿಯಲ್ಲಿರುವ ನನ್ನ ಅವ್ವನ ಕಾಟವೂ ಇದೇ ಬಗೆಯದು. ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಕೂತು ದಿನಾ ಪೇಪರು ತರಿಸಿಕೊಂಡು, ಬೆರಳಿಟ್ಟು ಹುಡುಕಿ, "ಇದರಾಗ ನಿನ್ನ ಹೆಸರ ಎಲ್ಲೈತಿ?" ಅಂತ ಕೇಳುತ್ತಿದ್ದಳು. ವರದಿಗಾರರ ಹೆಸರು ಎಂದಾದರೂ ಒಂದು ದಿನ ಸುದ್ದಿಯ ಮೇಲೆ ಬರುತ್ತದೆ, ಡೆಸ್ಕಿನವರದು ಎಂದೂ ಬರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ. ಮಗಳು ಹುಬ್ಬಳ್ಳಿಯಲ್ಲಿ ನಿಜವಾಗಿ ಏನು ಮಾಡುತ್ತಾಳೋ ಎಂಬ ಅನುಮಾನ ಅವಳಿಗೆ ಇದ್ದೇ ಇತ್ತು.

ಹೋದ ವರ್ಷ ಕತ್ತರಿ ನಮ್ಮ ಕಡೆಗೇ ತಿರುಗಿತು. ಮೊದಲು ಜಿಲ್ಲೆಯ ಎರಡು ಪುಟ ಒಂದಾಯಿತು. ಆಮೇಲೆ ಅರ್ಧ. ಆಮೇಲೆ ಎಲ್ಲ ಆವೃತ್ತಿಯ ಪುಟಗಳನ್ನೂ ಬೆಂಗಳೂರಿನಲ್ಲೇ ಕಟ್ಟುತ್ತೇವೆ ಅಂತ ಹೇಳಿ, ಡೆಸ್ಕಿನ ಹನ್ನೊಂದು ಜನರಲ್ಲಿ ಇಬ್ಬರನ್ನು ಅಲ್ಲಿಗೆ ಕರೆದು, ಒಂಬತ್ತು ಜನಕ್ಕೆ ಕೇಕು ತಿನ್ನಿಸಿ ಮನೆಗೆ ಕಳಿಸಿದರು. ಆ ಒಂಬತ್ತರಲ್ಲಿ ನಾನೊಬ್ಬಳು. ವಾರಕ್ಕೊಮ್ಮೆ ಮಾತ್ರ ಕಾಣುತ್ತಿದ್ದ ಗಂಡ ಶಿವಯೋಗಿಯ ಮುಖ ಈಗ ದಿನಾ ಕಾಣತೊಡಗಿತು. ಅವರು ಹಾನಗಲ್ಲಿನಲ್ಲಿ ಹೈಸ್ಕೂಲು ಮಾಸ್ತರರು, ನನ್ನ ಸಿಟ್ಟನ್ನು ಮಳೆಯ ಹಾಗೆ ಕೊಡೆ ಹಿಡಿದು ಕಳೆಯುವ ಮನುಷ್ಯ.

ಅದೇ ತಿಂಗಳು ನಾನು ನೋಡುತ್ತಿದ್ದ ಈ ನಾಲ್ಕೂ ತಾಲೂಕಿನ ಅರೆಕಾಲಿಕರಿಗೆ ವಾಟ್ಸಾಪಿನಲ್ಲಿ ಎರಡು ಸಾಲು ಬಂತು. ಇನ್ನು ಮುಂದೆ ಹಾವೇರಿಯಲ್ಲಿರುವ ಒಬ್ಬರೇ ಜಿಲ್ಲೆಯನ್ನೆಲ್ಲ ನೋಡಿಕೊಳ್ಳುತ್ತಾರೆ, ಇಷ್ಟು ದಿನದ ಸಹಕಾರಕ್ಕೆ ಧನ್ಯವಾದ. ಹಾನಗಲ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಗಪ್ಪ ನನ್ನನ್ನು ಕಂಡು ಎದ್ದು ಬಂದ. ಹದಿನಾರು ವರ್ಷದಲ್ಲಿ ನಾವು ಮುಖಾಮುಖಿ ಕಂಡದ್ದು ಮೂರೋ ನಾಲ್ಕೋ ಸಲ.

"ಮೇಡಮ್ಮಾರ, ನಂದೂ ಕತ್ತರಿಸಿದ್ರು, ನಿಮ್ದೂ ಕತ್ತರಿಸಿದ್ರು. ಇಬ್ರೂ ಈಗ ಮತ್ತಿತರರು ಆದ್ವಿ ನೋಡ್ರಿ" ಅಂದ.

ಇಬ್ಬರಿಗೂ ನಗು ಬಂದು ಚಹಾ ಚೆಲ್ಲಿತು. ಚಹಾದಂಗಡಿಯವನು ಬಟ್ಟೆ ತಂದು ಒರೆಸುವಷ್ಟರಲ್ಲಿ ನಮ್ಮ ಯೂಟ್ಯೂಬ್ ಚಾನೆಲ್ಲಿಗೆ 'ನಾಕ್ ತಾಲೂಕ ಸುದ್ದಿ' ಅಂತ ನಾಮಕರಣವಾಗಿತ್ತು.

ಮುಖ ಮತ್ತು ದನಿ ನಾಗಪ್ಪನದು, ಕತ್ತರಿ ನನ್ನದು. ನಾನು ಒಂದು ಕಾಯಿದೆ ಮಾಡಿದೆ. ಯಾವ ವಿಡಿಯೋ ಆಗಲಿ ಒಂದು ನಿಮಿಷ ದಾಟಕೂಡದು, ಜನಕ್ಕೆ ಪುರುಸೊತ್ತಿಲ್ಲ. ಅಡಕೆ ದರ, ಹಾನಗಲ್ಲಿನ ಭತ್ತ, ಸವಣೂರಿನ ನೀರಿನ ಪೈಪು, ಶಿಗ್ಗಾವಿಯ ಬಸ್ಸು, ಎಲ್ಲ ಐವತ್ತೆಂಟು ಸೆಕೆಂಡಿನಲ್ಲಿ. ನಾಗಪ್ಪ ಕಾರ್ಯಕ್ರಮಕ್ಕೆ ಹೋಗಿ ಬಂದು ಹೆಸರಿನ ಪಟ್ಟಿ ಓದುತ್ತಿದ್ದ. ನಾನು ಅವನೆದುರಿಗೇ ಕತ್ತರಿಸುತ್ತಿದ್ದೆ. ಅವನು ಮುಖ ಆಚೆ ತಿರುಗಿಸಿಕೊಂಡು ಕೂತಿರುತ್ತಿದ್ದ.

ಐದು ತಿಂಗಳಿಗೆ ನಾನೂರ ಹನ್ನೆರಡು ಚಂದಾದಾರರಾದರು, ಅದರಲ್ಲಿ ಮೂವತ್ತು ಜನ ನಾಗಪ್ಪನ ಬೀಗರು. ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರು ಬೇಕು, ಜೊತೆಗೆ ವರ್ಷದಲ್ಲಿ ನಾಲ್ಕು ಸಾವಿರ ತಾಸು ಜನ ನಮ್ಮ ವಿಡಿಯೋ ನೋಡಿರಬೇಕು. ನಮ್ಮ ತುಂಡು ವಿಡಿಯೋಗಳನ್ನು ಜನ ಬೆರಳಿನಿಂದ ಸರಿಸುತ್ತ ನೋಡುವುದು ಆ ತಾಸಿನ ಲೆಕ್ಕಕ್ಕೇ ಬರುವುದಿಲ್ಲ ಅಂತ ನನಗೆ ಗೊತ್ತಾದದ್ದು ನಾಲ್ಕನೇ ತಿಂಗಳಲ್ಲಿ. ಅಲ್ಲಿವರೆಗೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ನೌಕರಿ ಮನೆ ಬಾಗಿಲಿಗೆ ಬಂತು. ಸುದ್ದಿ ಆ್ಯಪ್ ನಡೆಸುವ ಕಂಪನಿ. ಯಂತ್ರ ಬರೆದ ಕನ್ನಡವನ್ನು ಮನೆಯಲ್ಲೇ ಕೂತು ತಿದ್ದಬೇಕು, ಅರವತ್ತು ಪದಕ್ಕೆ ಇಳಿಸಬೇಕು, ದಿನಕ್ಕೆ ನೂರಿಪ್ಪತ್ತು ಸುದ್ದಿ. ಫೋನು ಮಾಡಿದ ಹುಡುಗಿಯ ಹೆಸರು ಪೂಜಾ, ಬಾಳ ಒಳ್ಳೆ ಹುಡುಗಿ.

"ಮೇಡಂ, ನಿಮ್ಮ ಅನುಭವ ನಮಗೆ ತುಂಬಾ ಬೇಕು. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಆ್ಯಪಲ್ಲಿ ಯಾರ ಹೆಸರೂ ಬರಲ್ಲ."

"ನನಗೆ ರೂಢಿ ಇದೆಯಮ್ಮ" ಅಂದೆ.

ಭಾನುವಾರ ಸಂಜೆ ಆರಕ್ಕೆ ಉತ್ತರ ಬೇಕು ಅಂದಳು. ನಾನು ಅಂದೇ ಮನೆಯಲ್ಲಿ ಸಾರಿಬಿಟ್ಟೆ. ಭಾನುವಾರ ಆರರೊಳಗೆ ಚಾನೆಲ್ಲಿಗೆ ಸಾವಿರ ಜನ ಆಗದಿದ್ದರೆ ಚಾನೆಲ್ಲಿಗೂ ನನಗೂ ಋಣ ತೀರಿತು, ನೌಕರಿಗೆ ಹೂಂ ಅನ್ನುತ್ತೇನೆ. ಶಿವಯೋಗಿ ಮಾಸ್ತರರು ಅದನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು. ಆ ನೌಕರಿ ನನಗೆ ಬೇಡವಾಗಿತ್ತು. ಬೇಡ ಅನ್ನುವ ಧೈರ್ಯವೂ ಇರಲಿಲ್ಲ. ನಾನು ಹೋದರೆ ನಾಗಪ್ಪನೊಬ್ಬನಿಂದ ಚಾನೆಲ್ಲು ನಡೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಬುಧವಾರ ಶಿಗ್ಗಾವಿ ತಾಲೂಕಿನ ದುಂಡಸಿಯ ಸುದ್ದಿ ಬಂತು. ಅಲ್ಲಿಯ ಮಹಿಳಾ ಸ್ವಸಹಾಯ ಸಂಘದವರು ರೊಟ್ಟಿ ಮಾಡುವ ಯಂತ್ರ ತರಿಸಿದ್ದರು, ಮಧ್ಯಾಹ್ನ ಹನ್ನೆರಡಕ್ಕೆ ಉದ್ಘಾಟನೆ. ಆಮಂತ್ರಣ ಪತ್ರಿಕೆಯ ಮುಂದಿನ ಬದಿಗೆ ಅಧ್ಯಕ್ಷತೆಗೆ ಸಂಘದ ಅಧ್ಯಕ್ಷಿ ಒಬ್ಬಳನ್ನು ಬಿಟ್ಟರೆ ಆರು ಜನ ಗಂಡಸರು, ಮುಖ್ಯ ಅತಿಥಿ, ಗೌರವ ಉಪಸ್ಥಿತಿ, ಇತ್ಯಾದಿ. ಹಿಂದಿನ ಬದಿಗೆ ಸಣ್ಣ ಅಕ್ಷರದಲ್ಲಿ ಸಂಘದ ಅರವತ್ಮೂರು ಹೆಂಗಸರ ಹೆಸರು.

ಅವತ್ತು ನಾಗಪ್ಪನಿಗೆ ಹಿರೇಕೆರೂರಿನಲ್ಲೂ ಕೆಲಸವಿತ್ತು. ಎರಡು ಕಡೆ ಒಬ್ಬನೇ ಹೇಗೆ ಹೋಗುತ್ತಾನೆ? ಪತ್ರಿಕೆಯ ಕಾಲದಲ್ಲಿ ಇದಕ್ಕೊಂದು ದಾರಿ ಇತ್ತು, ತೋರಿಸಿಕೊಟ್ಟವಳು ನಾನೇ. ಪುಟ ಬೇಗ ಮುಗಿಸಿ ಅಂತ ಬೆಂಗಳೂರಿನಿಂದ ಒತ್ತಾಯ ಬರತೊಡಗಿದಾಗ ನಾನೇ ಅವನಿಗೆ, ಕಾರ್ಯಕ್ರಮ ಮುಗಿಯುವವರೆಗೆ ಕಾಯಬೇಡಿ, ಆಮಂತ್ರಣ ಪತ್ರಿಕೆ ನೋಡಿ 'ಮಾತನಾಡಿದರು' ಅಂತ ಬರೆದು ಕಳಿಸಿಬಿಡಿ ಅಂದಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಎಲ್ಲ ಭಾಷಣವೂ ಒಂದೇ, ಹೆಚ್ಚುಕಮ್ಮಿ ಆಗುವುದೇನು? ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೇ ನಾಗಪ್ಪ ಆಮಂತ್ರಣ ಪತ್ರಿಕೆ ನೋಡಿ ಓದಿದ. ನಾನು ಪತ್ರಿಕೆಯ ಫೋಟೋದ ಮೇಲೆ ದನಿ ಕೂರಿಸಿದೆ. ಹಿಂಬದಿಯ ಅರವತ್ಮೂರು ಹೆಸರನ್ನೂ ಅವನು ಓದಿದ್ದ, ನಾನು ಅಷ್ಟನ್ನೂ ತೆಗೆದು 'ಮತ್ತಿತರರು' ಉಳಿಸಿದೆ. ಹನ್ನೆರಡೂವರೆಗೆ ತಾನಾಗಿ ಪ್ರಕಟವಾಗುವ ಹಾಗೆ ಸಮಯ ಹಚ್ಚಿಟ್ಟು, ಅವನು ಹಿರೇಕೆರೂರಿಗೆ, ನಾನು ಒಲೆಯ ಮುಂದೆ.

ಹನ್ನೆರಡೂ ನಲವತ್ತಕ್ಕೆ ಫೋನು. ಆ ಕಡೆಯಿಂದ ಒಂದು ಹೆಣ್ಣುದನಿ, ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಸ್ಪಷ್ಟ ಕೇಳುವಂಥದು.

"ನಾಕ್ ತಾಲೂಕ ಸುದ್ದಿಯವ್ರೇನ? ನಾ ಶೇಖವ್ವ, ದುಂಡಸಿ ಸಂಘದ ಅಧ್ಯಕ್ಷಿ. ಮೊಬೈಲ್‌ನ್ಯಾಗ ನಾನು ದೀಪ ಹಚ್ಚೀನಿ ಅಂತಲ್ಲ?"

"ಹೌದ್ರಿ. ಅಭಿನಂದನೆರೀ."

"ನಾ ಇಲ್ಲೆ ಹಿತ್ತಲದಾಗ ಅರಿವಿ ಒಗ್ಯಾಕತ್ತೇನಿ! ನಿನ್ನೆ ಸಂಜೀಕ ಊರಿನ ಕರೆಂಟಿನ ಟಿಸಿ ಸುಟ್ಟೈತಿ. ಕರೆಂಟ ಇಲ್ಲ. ಮಷಿನ್ ತಿರುಗೂದಿಲ್ಲ. ಕಾರ್ಯಕ್ರಮ ಮುಂದಕ್ಕ ಹೋಗೇತಿ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸೀರಲ್ಲ, ನಿಮಗೇನ ಬಂದೈತಿ?"

ನನ್ನ ಕೈಯ ಸೌಟು ಸಾರಿನೊಳಗೆ ಬಿತ್ತು. ಮುಖ್ಯ ಅತಿಥಿ ಮಾತನಾಡಿದ್ದರು. ಯಂತ್ರ ತಿರುಗಿತ್ತು. ಬಿಸಿ ರೊಟ್ಟಿ ಹಂಚಿದ್ದರು. ಇಷ್ಟೂ ನಮ್ಮ ವಿಡಿಯೋದಲ್ಲಿ ನಡೆದುಹೋಗಿತ್ತು, ಆರುನೂರು ಜನ ನೋಡಿಯೂ ಆಗಿತ್ತು. ಅಷ್ಟು ಬೇಗ ನಮ್ಮ ಯಾವ ನಿಜ ಸುದ್ದಿಯನ್ನೂ ಆರುನೂರು ಜನ ನೋಡಿರಲಿಲ್ಲ!

ನಾಗಪ್ಪ ಹಿರೇಕೆರೂರಿನಿಂದ ಬೈಕು ಓಡಿಸಿಕೊಂಡು ಬಂದ. ಮುಖ ಬೆಳ್ಳಗಾಗಿತ್ತು.

"ಅಳಿಸಿಬಿಡೂಣ್ರಿ ಮೇಡಮ್ಮಾರ. ಸುಮ್ಮನ ತಗದ್ರ ಯಾರಿಗೆ ಗೊತ್ತಾಗ್ತೈತಿ?"

"ಆರುನೂರು ಮಂದಿಗೆ ಗೊತ್ತಾಗ್ತೈತಿ."

"ಹಂಗಾರ ಪೇಪರಿನ್ಯಾಗ ಮಾಡ್ತಿದ್ವಲ್ಲ, ಕೆಳಗ ಮೂಲ್ಯಾಗ ಎರಡ ಸಾಲು, ತಪ್ಪಾಗೇತಿ ವಿಷಾದಿಸ್ತೇವಿ ಅಂತ..."

"ಇದಕ್ಕ ಕೆಳಗಿನ ಮೂಲಿ ಇಲ್ರಿ ನಾಗಪ್ಪನವರ. ಹೋಗಿ ಮುಖ ತೋರಿಸೂದು."

ಆ ವಿಡಿಯೋವನ್ನು ಯಾರಿಗೂ ಕಾಣದ ಹಾಗೆ ಮಾಡಿ, ಅದೇಕೆ ಅಂತ ಚಾನೆಲ್ಲಿನಲ್ಲೇ ಬರೆದು, ಗುರುವಾರ ಬೆಳಿಗ್ಗೆ ಅವನ ಬೈಕಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಅವನು ಕ್ಷಮಾಪಣೆಯ ಮಾತು ಬಾಯಿಪಾಠ ಮಾಡುತ್ತಿದ್ದ. ತಿರುವಿಗೊಂದು ಸಾಲು ಮರೆಯುತ್ತಿದ್ದ. ಹೆದರಿಕೆಗೋ ಏನೋ ನನಗೆ ನಗು ತಡೆಯಲಾಗಲಿಲ್ಲ, ಬೈಕು ಅಲ್ಲಾಡಿ ಎಮ್ಮೆಯೊಂದು ನಮ್ಮನ್ನು ನೋಡಿ ದಾರಿ ಬಿಟ್ಟಿತು.

ಸಂಘದ ಶೆಡ್ಡಿನಲ್ಲಿ ಅರವತ್ಮೂರು ಹೆಂಗಸರೂ ಕೂತಿದ್ದರು. ನಡುವೆ ಹೂಮಾಲೆ ಹಾಕಿಸಿಕೊಂಡ ರೊಟ್ಟಿ ಯಂತ್ರ, ಮಾಲೆ ಬಾಡಿ ಹೋಗಿದೆ. ನಾನು ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ರೆಕಾರ್ಡು ಒತ್ತಿದೆ. ನಾಗಪ್ಪ ಕೈಮುಗಿದ.

"ವೀಕ್ಷಕರೇ, ನಿನ್ನೆ ನಾವು ನಡೆಯದ ಕಾರ್ಯಕ್ರಮವನ್ನು ನಡೆದಿದೆ ಅಂತ ತೋರಿಸಿದೆವು. ಆಮಂತ್ರಣ ಪತ್ರಿಕೆ ನೋಡಿ ಓದಿದ್ದು, ಇಲ್ಲಿಗೆ ಬಂದಿರಲಿಲ್ಲ. ತಪ್ಪು ನಮ್ಮದು..."

ಶೇಖವ್ವ ಎದ್ದಳು. ಐವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ ರೀತಿ ನೋಡಿದರೇ ಮುಂದಿನದು ಗೊತ್ತಾಗುತ್ತಿತ್ತು.

"ಅದು ಆತು. ಅಧ್ಯಕ್ಷತೆ ವಹಿಸಿದ ಶೇಖವ್ವ ಮಾತನಾಡಿದರು ಅಂದೀಯಲ್ಲ ನಾಗಪ್ಪಣ್ಣ, ನಾ ಏನ ಮಾತಾಡಿದೆ ಹೇಳು ನೋಡೂಣು."

"ಮಹಿಳೆಯರು... ಸ್ವಾವಲಂಬಿಗಳಾಗಬೇಕು ಅಂತ..."

"ನಾ ಯಾವಾಗ ಅಂದ್ನ್ಯೋ? ಟಿಸಿ ಯಾವಾಗ ಹಚ್ಚತೀರಿ ಅಂತ ನಾ ನಿನ್ನೆ ಮುಂಜಾನಿಂದ ಒದರಾಕತ್ತೇನಿ, ಅದನ್ನ ಹೇಳಲಿಲ್ಲ!"

ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ನಾಗಪ್ಪನೂ ನಕ್ಕ. ಪುಣ್ಯಾತ್ಮ, ನಗುತ್ತಲೇ ಕಣ್ಣೊರೆಸಿಕೊಂಡ. ಆಗ ಹಿಂದಿನ ಸಾಲಿನಿಂದ ಶಂಕ್ರವ್ವ ಅಂತ ಒಬ್ಬ ಮುದುಕಿ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಮುಂದೆ ಬಂದಳು. ಹಿಂಬದಿ ತಿರುಗಿಸಿ ಒಂದು ಹೆಸರಿನ ಮೇಲೆ ಬೆರಳಿಟ್ಟಳು. ಅವಳ ಹೆಸರೇ.

"ಇದನ್ನ ಯಾಕ ಓದಲಿಲ್ಲಪ್ಪ? ಬಾರದಿದ್ದ ಗಂಡಸರ ಹೆಸರ ಆರೂ ಓದಿ. ಯಂತ್ರಕ್ಕ ರೊಕ್ಕ ಕೂಡಿಸಿದಾಕಿ ನಾ. ನಮಗ ಮತ್ತಿತರರು ಅಂದ್ರಿ. ಯಾರಪ್ಪ ಈ ಮತ್ತಿತರರು? ನಾ ಹಂಗ ಯಾರನ್ನೂ ನೋಡಿಲ್ಲ."

ನಾಗಪ್ಪ ಓದಿದ್ದ. ಅರವತ್ಮೂರೂ ಓದಿದ್ದ. ಈಗ ನನ್ನ ಕಡೆ ಕೈ ತೋರಿಸಿದರೆ ಮುಗಿಯುತ್ತಿತ್ತು, ಅವನು ತೋರಿಸಲಿಲ್ಲ. ತಲೆ ಬಗ್ಗಿಸಿ ನಿಂತ. ಅವನನ್ನು ನೋಡಿ ನನಗೆ ನಾಚಿಕೆಯಾಯಿತು, ಹದಿನಾರು ವರ್ಷದ್ದು ಒಟ್ಟಿಗೇ ಆಯಿತು.

"ಅವರು ಓದಿದ್ರಬೇ. ಕತ್ತರಿಸಿದಾಕಿ ನಾನು" ಅಂದೆ. "ಈಗ ನೀವ ಹೇಳ್ರಿ. ನಿಮ್ಮ ಹೆಸರ ನೀವ ಹೇಳ್ರಿ, ನಾ ರೆಕಾರ್ಡ್ ಮಾಡ್ತೇನಿ."

ಹೇಳಿ ಮುಗಿಸುವುದರೊಳಗೆ ಸಾಲು ಹಚ್ಚಿ ನಿಂತುಬಿಟ್ಟರು! ಒಬ್ಬಾಕೆ ಓಡಿಹೋಗಿ ಸೀರೆ ಬದಲಿಸಿ ಬಂದಳು, ಇನ್ನೊಬ್ಬಾಕೆ ಎಮ್ಮೆ ಕಟ್ಟಿ ಬಂದಳು. ಹೆಸರು ಹೇಳು ಅಂದರೆ ಬರೀ ಹೆಸರು ಹೇಳುತ್ತಾರೆಯೇ? ಶಂಕ್ರವ್ವ, ತವರು ಸವಣೂರು, ಇಲ್ಲಿಗೆ ಬಂದಾಗ ಹದಿನಾಲ್ಕು ವರ್ಷ, ನನ್ನ ರೊಟ್ಟಿ ಗಾಳಿಗೆ ಹಾರಬೇಕು ಹಂಗಿರ್ತೈತಿ. ನಾಗರತ್ನಾ, ತವರು ಹಿರೇಕೆರೂರು, ಅಣ್ಣಾ ನೋಡಾಕತ್ತಿದ್ರ ಹಬ್ಬಕ್ಕ ಕರಿಯಾಕ ಬಾ, ಹೋದ ವರ್ಷ ಬರಲಿಲ್ಲ ನೀನು. ಮತ್ತೊಬ್ಬಾಕೆಯ ತವರು ಹಾನಗಲ್ಲು, ಅವಳು ತನ್ನ ಶಾಲೆಯ ಗೆಳತಿಯರ ಹೆಸರೆಲ್ಲ ಹೇಳಿ ಎಲ್ಲಿದ್ದೀರೇ ಅಂತ ಕೂಗಿದಳು. ಒಬ್ಬಾಕೆ ಗಂಡನ ಹೆಸರು ನೇರ ಹೇಳಲು ನಾಚಿ, ಅದನ್ನು ಪ್ರಾಸದೊಳಗೆ ಸೇರಿಸಿ ಒಡಪು ಹಾಕಿದಳು, ಉಳಿದವರು ಕೇಕೆ ಹಾಕಿದರು. ಯಂತ್ರಕ್ಕೆ ಕರೆಂಟು ಇಲ್ಲದಿದ್ದರೇನು, ಯಾರೋ ಒಲೆ ಹಚ್ಚಿ ಕೈರೊಟ್ಟಿ ಬಡಿಯತೊಡಗಿದರು. ಟಪ್ ಟಪ್ ಸದ್ದು ಕೊನೆವರೆಗೂ ರೆಕಾರ್ಡಿನಲ್ಲಿದೆ.

ಅರವತ್ಮೂರೂ ಮುಗಿದವು. ನಾನು ಮೊಬೈಲು ನಿಲ್ಲಿಸಲು ಕೈ ಚಾಚಿದೆ.

"ತಡಿ ತಂಗಿ" ಅಂದಳು ಶೇಖವ್ವ. "ನಿನ್ನ ಹೆಸರ?"

"ನಂದು ಬ್ಯಾಡ್ರಿ. ನಾ ಹಿಂದ ಇರಾಕಿ."

"ಇಲ್ಲೆ ಹಿಂದ ಇರಾರು ಯಾರೂ ಇಲ್ಲ. ಬಾ ಮುಂದ."

ತೋಳು ಹಿಡಿದು ಎಳೆದು ತಂದು ನಿಲ್ಲಿಸಿಯೇಬಿಟ್ಟಳು. ಎದುರಿಗೆ ಮೊಬೈಲಿನ ಕಣ್ಣು. ಪರರ ಸಾವಿರಾರು ಸಾಲು ತಿದ್ದಿದವಳಿಗೆ ಸ್ವಂತದ ಒಂದು ಸಾಲು ಹೊರಡಲಿಲ್ಲ. ಅರವತ್ಮೂರು ಜನ "ಹೇಳಬೇ, ಹೇಳಬೇ" ಅಂದರು. "ಶೈಲಶ್ರೀ" ಅಂದೆ. "ತವರು ಯಲವಿಗಿ. ಹದಿನಾರು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡೀನಿ." ಅಷ್ಟರಲ್ಲಿ ನನ್ನ ಬಾಯಿಗೆ ಯಾರೋ ಬಿಸಿ ರೊಟ್ಟಿ ತುರುಕಿದರು, ಮಾತು ಅಲ್ಲಿಗೆ ನಿಂತಿತು.

ಮನೆಗೆ ಬಂದು ನೋಡಿದರೆ ಐವತ್ತೆರಡು ನಿಮಿಷ. ನಾಗಪ್ಪ ಪಕ್ಕದಲ್ಲಿ ಕೂತ, ರೂಢಿಯಂತೆ ಮುಖ ಆಚೆ ತಿರುಗಿಸಿದ. ಕತ್ತರಿಸಿ ಒಂದು ನಿಮಿಷಕ್ಕೆ ಇಳಿಸುವುದು ನನಗೆ ಅರ್ಧ ತಾಸಿನ ಕೆಲಸ. ಕ್ಷಮಾಪಣೆ, ಶೇಖವ್ವನ ಬೈಗುಳ, ಒಡಪು, ಮುಗಿಯಿತು. ಎಲ್ಲಿಂದ ಶುರು ಮಾಡಲಿ ಅಂತ ನೋಡಿದೆ. ಶಂಕ್ರವ್ವನನ್ನು ತೆಗೆಯಲಾಗಲಿಲ್ಲ. ನಾಗರತ್ನಾಳ ಅಣ್ಣ ನೋಡಬೇಕು, ಅದನ್ನೂ ತೆಗೆಯಲಾಗಲಿಲ್ಲ. ತೆಗೆಯಬಹುದಾದದ್ದು ಒಂದೇ, ರೊಟ್ಟಿ ತುರುಕಿಸಿಕೊಂಡ ನನ್ನ ಸ್ವಂತ ಮುಖ. ಅದರ ಮೇಲೆ ಬೆರಳಿಟ್ಟೆ.

"ಮೇಡಮ್ಮಾರ" ಅಂದ ನಾಗಪ್ಪ, ಮುಖ ಆಚೆಗೇ ಇಟ್ಟುಕೊಂಡು. "ಅದನ್ನ ತಗದ್ರ ನಾ ನಿಮ್ಮನಿ ಕಟ್ಟಿಮ್ಯಾಲ ಕುಂದ್ರತೇನಿ. ಚಾ ಕುಡ್ಯಾಂಗಿಲ್ಲ."

ಏನನ್ನೂ ತೆಗೆಯಲಿಲ್ಲ. ಆದರೆ ಐವತ್ತೆರಡು ನಿಮಿಷದಲ್ಲಿ ತಮ್ಮವರನ್ನು ಜನ ಎಲ್ಲಿ ಅಂತ ಹುಡುಕಬೇಕು? ಡೆಸ್ಕಿನ ಬುದ್ಧಿ ಅಲ್ಲಿ ಕೆಲಸಕ್ಕೆ ಬಂತು. ವಿಡಿಯೋದ ಕೆಳಗೆ ವಿವರಣೆ ಬರೆಯುವ ಜಾಗದಲ್ಲಿ ಪ್ರತಿಯೊಬ್ಬರ ಹೆಸರು, ತವರೂರು, ಅದರ ಮುಂದೆ ಅವರು ಕಾಣಿಸುವ ನಿಮಿಷ, ಸೆಕೆಂಡು ಬರೆದೆ. ಆ ಅಂಕಿಯನ್ನು ಒತ್ತಿದರೆ ಸೀದಾ ಅಲ್ಲಿಗೇ ಹೋಗುತ್ತದೆ. ಅರವತ್ನಾಲ್ಕು ಸಾಲು. ಬರೆದು ಮುಗಿಸಿ ನೋಡಿದರೆ, ಅಯ್ಯೋ ದೇವರೇ, ನಾಗಪ್ಪನ ಬಾಲ! ಇಷ್ಟು ವರ್ಷ ನಾನು ಕಡಿದ ಬಾಲವನ್ನು ನನ್ನ ಕೈಯಾರೆ ಕಟ್ಟಿದ್ದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮಾಸ್ತರರು ಕೊಡೆ ಹುಡುಕುವವರ ಹಾಗೆ ಬಾಗಿಲಲ್ಲಿ ಇಣುಕಿ ಹೋದರು.

ಏರಿಸಲು ಹೋದರೆ ಹದಿನೈದು ನಿಮಿಷಕ್ಕಿಂತ ಉದ್ದದ್ದು ಬೇಕಿದ್ದರೆ ಫೋನ್ ನಂಬರು ಖಾತ್ರಿ ಮಾಡಿ ಅಂತ ಯೂಟ್ಯೂಬ್ ತಕರಾರು ತೆಗೆಯಿತು. ಚೋಟುದ್ದ ವಿಡಿಯೋ ಮಾಡಿಕೊಂಡಿದ್ದವರಿಗೆ ಅದು ಎಲ್ಲಿ ಗೊತ್ತಿರಬೇಕು? ಒಟಿಪಿ ಬಂದದ್ದು ನಾಗಪ್ಪನ ನಂಬರಿಗೆ, ಆ ಫೋನು ಅವನ ಮನೆಯಲ್ಲಿ ಚಾರ್ಜಿಗೆ ಹಚ್ಚಿತ್ತು. ಅವನು ಓಡಿದ ಓಟ ನೋಡಿ ಓಣಿಯ ನಾಯಿಗಳೆಲ್ಲ ಜೊತೆಗೆ ಓಡಿದವು.

ಶುಕ್ರವಾರ ಬೆಳಿಗ್ಗೆ ವಿಡಿಯೋ ಹೊರಬಿತ್ತು. ಮಧ್ಯಾಹ್ನದವರೆಗೆ ಏನೂ ಇಲ್ಲ. ಆಮೇಲೆ ದುಂಡಸಿಯ ಅರವತ್ಮೂರು ಮನೆಯಿಂದ ನಾಲ್ಕೂ ತಾಲೂಕಿನ ತವರುಮನೆಗಳ ವಾಟ್ಸಾಪಿಗೆ ಹರಿಯತೊಡಗಿತು. ಸವಣೂರಿನಿಂದ ಶಂಕ್ರವ್ವನ ತಮ್ಮನ ಮೊಮ್ಮಕ್ಕಳು ಬರೆದರು. ಹಾನಗಲ್ಲಿನ ಶಾಲೆಯ ಗೆಳತಿಯರು, ಇಬ್ಬರು ಅಜ್ಜಿಯರಾಗಿದ್ದರು, "ಇಲ್ಲೇ ಇದ್ದೇವೆ" ಅಂತ ಬರೆದರು. ನಾಗರತ್ನಾಳ ಅಣ್ಣ ಶನಿವಾರವೇ ದುಂಡಸಿಗೆ ಬಂದು ಇಳಿದನಂತೆ, ಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ತಮ್ಮವಳ ಜಾಗಕ್ಕೆ ಸೀದಾ ಹೋದವರು ಅಲ್ಲಿಗೇ ನಿಲ್ಲಲಿಲ್ಲ, ಪಕ್ಕದವಳನ್ನೂ ನೋಡಿದರು, ಒಡಪು ಕೇಳಿದರು, ಶೇಖವ್ವನ ಬೈಗುಳವನ್ನು ಎರಡೆರಡು ಸಲ ಕೇಳಿದರು. ಐದು ತಿಂಗಳಲ್ಲಿ ಮೂವತ್ತು ಮುಟ್ಟದ ತಾಸಿನ ಲೆಕ್ಕ ಎರಡು ದಿನಕ್ಕೆ ಐದುನೂರು ದಾಟಿತು. ನಾಲ್ಕು ಸಾವಿರ ಇನ್ನೂ ದೂರವೇ ಇತ್ತು. ಆದರೆ ಹಿರೇಕೆರೂರಿನಿಂದ ಒಂದು ಸಂಘ, ಸವಣೂರಿನಿಂದ ಎರಡು, "ನಮ್ಮಲ್ಲಿಗೂ ಬರ್ರಿ, ನಾವೂ ಹೆಸರ ಹೇಳ್ತೇವಿ" ಅಂತ ಫೋನು ಮಾಡಿದವು. ಶನಿವಾರ ಸಂಜೆ ದುಂಡಸಿಗೆ ಹೊಸ ಟಿಸಿಯೂ ಬಂತು.

ಭಾನುವಾರ ಆರಕ್ಕೆ ಐದು ನಿಮಿಷ ಇದ್ದಾಗ ಒಂಬೈನೂರ ಎಂಬತ್ಮೂರು. ನಾಗಪ್ಪ ಫೋನನ್ನು ದೇವರ ಮುಂದೆ ಇಟ್ಟು ಅದರ ಮುಂದೆ ತಾನೂ ಕೂತಿದ್ದ. ಎಂಬತ್ಮೂರು ಅಲ್ಲಾಡಲೇ ಇಲ್ಲ. ಸರಿಯಾಗಿ ಆರಕ್ಕೆ ಪೂಜಾ ಫೋನು ಮಾಡಿದಳು.

"ಮೇಡಂ, ಏನು ನಿರ್ಧಾರ ಮಾಡಿದ್ರಿ?"

ಮಾತು ಅಂದರೆ ಮಾತು. ಮಾಸ್ತರರು ಕ್ಯಾಲೆಂಡರಿನ ಪಕ್ಕದಲ್ಲೇ ನಿಂತಿದ್ದರು. "ಹತ್ತು ನಿಮಿಷ ಕೊಡಮ್ಮ" ಅಂದೆ. ಫೋನಿಟ್ಟೆನೋ ಇಲ್ಲವೋ, ಯಲವಿಗಿಯಿಂದ ಅಣ್ಣನ ನಂಬರು. ಆದರೆ ದನಿ ಅವ್ವನದು. ಹಿಂದೆ ಜಾತ್ರೆಯಷ್ಟು ಗದ್ದಲ.

"ಶೈಲಾ! ನಿನ್ನ ಹೆಸರ ಸಿಕ್ತವ್ವಾ!"

"ಎಲ್ಲಿ ಅವ್ವಾ?"

"ಐವತ್ತೊಂದ ನಿಮಿಷದಾಗ! ಬರದೀಯಲ್ಲ ಕೆಳಗ, ಶೈಲಶ್ರೀ, ಯಲವಿಗಿ ಅಂತ. ನಿಮ್ಮಣ್ಣ ಒತ್ತಿದ, ನೀ ಬಂದಿ. ಬಾಯಾಗ ರೊಟ್ಟಿ ಐತಿ ನೋಡು. ಹದಿನಾರ ವರ್ಸ ಪೇಪರಿನ್ಯಾಗ ಬೆರಳಿಟ್ಟ ಹುಡುಕೀನಿ, ಇವತ್ತ ಸಿಕ್ತು." ಹಿಂದೆ ಗದ್ದಲ ಮಾಡುತ್ತಿದ್ದವರನ್ನು ಒಮ್ಮೆ ಗದರಿಸಿದಳು. "ಪತ್ರಿಕೆಯಲ್ಲಿ ಕೆಲಸ ಮಾಡೀನಿ ಅಂತ ನಿನ್ನ ಬಾಯಿಲೆ ಅಂದಿ. ಖರೇನ ಮಾಡೀಯವ್ವ ನೀ."

ನಾನು ಗೋಡೆಗೆ ಒರಗಿ ಅತ್ತೆ. ಸಂಕೋಚವಿಲ್ಲದೆ, ಗೊಳೋ ಅಂತ ಅತ್ತೆ.

"ಅಳಬ್ಯಾಡ. ಸ್ಟೇಶನ್ ಓಣಿಯವ್ರನೆಲ್ಲ ಕರದೀನಿ, ಅಂಗಳದಾಗ ಕುಂತಾರ. ಒಬ್ಬೊಬ್ಬರ ಮೊಬೈಲ್ ಇಸ್ಗೊಂಡು ನಿಮ್ಮಣ್ಣ ಆ ಸಬ್‌ಸ್ಕ್ರೈಬ್ ಅನ್ನೂ ಕೆಂಪು ಗುಂಡಿ ಒತ್ತಾಕತ್ತಾನ. ಒತ್ತದಿದ್ದವ್ರಿಗೆ ಚಾ ಇಲ್ಲ ಅಂದೀನಿ."

"ಎಂಬತ್ತೊಂಬತ್ತು!" ನಾಗಪ್ಪ ದೇವರ ಕೋಣೆಯಿಂದ ಕೂಗಿದ. "ತೊಂಬತ್ತಾರು! ಮೇಡಮ್ಮಾರ... ಸಾವಿರದ ಎರಡು! ಸಾವಿರದ ಎಂಟು!" ಗಂಟೆ ಬಾರಿಸಿಯೇ ಬಿಟ್ಟ. ಮಾಸ್ತರರು ಕ್ಯಾಲೆಂಡರಿನ ಪೆನ್ಸಿಲು ಗೆರೆಯನ್ನು ಗಂಭೀರವಾಗಿ ರಬ್ಬರಿನಿಂದ ಅಳಿಸಿದರು. ಆರು ದಾಟಿ ಆರು ನಿಮಿಷವಾಗಿತ್ತು, ಆ ಮಾತು ಯಾರೂ ಆಡಲಿಲ್ಲ.

ಪೂಜಾಳ ಫೋನು ಮತ್ತೆ ಬಂತು.

"ಮೇಡಂ, ಹಾಗಾದ್ರೆ ಆಫರ್ ಲೆಟರ್ ಕಳಿಸ್ಲಾ? ನಿಮ್ಮ ಪೂರ್ತಿ ಹೆಸರು ಒಂದ್ಸಲ ಹೇಳಿಬಿಡಿ."

ಕೆನ್ನೆ ಒರೆಸಿಕೊಂಡೆ. "ಆ ಕೆಲಸ ಬೇಡಮ್ಮ, ಬೇಜಾರು ಮಾಡ್ಕೋಬ್ಯಾಡ. ನಾಳೆ ದುಂಡಸಿಯೊಳಗೆ ಉದ್ಘಾಟನೆ ಐತಿ, ಹೋಗಬೇಕು. ಈ ಸಲ ದೀಪ ಹಚ್ಚಿದ ಮ್ಯಾಲ ಬರೀತೇವಿ" ಅಂದೆ. "ಹೆಸರು ಬೇಕಂದ್ರ ಐವತ್ತೊಂದನೇ ನಿಮಿಷಕ್ಕ ಐತಿ. ನೋಡಿ, ಆ ಕೆಂಪು ಗುಂಡಿ ಒತ್ತಮ್ಮ."